ಚತುಃಸೀಮೆ ಹಾಕಿದ ನೌಕರಿ ಅರ್ಜಿ

ನನ್ನ ಅಪ್ಪ ಅರ್ಜಿ ಬರೆಯುವವ. ಖಾನಾಪುರದ ಮಾಮಲೇದಾರ ಕಚೇರಿಯ, ಅಂದರೆ ತಹಶೀಲ್ದಾರರ ಕಚೇರಿಯ, ಎದುರಿಗೆ ಆಲದ ಮರದ ಬುಡದಲ್ಲಿ ಒಂದು ಇಳಿಜಾರು ಮೇಜು, ಅದರ ಹಿಂದೆ ಒಂದು ಕಂಬಳಿ, ಕಂಬಳಿಯ ಮೇಲೆ ಅಪ್ಪ. ಕನ್ನಡದಲ್ಲೂ ಬರೆಯುತ್ತಿದ್ದ, ಮರಾಠಿಯಲ್ಲೂ ಬರೆಯುತ್ತಿದ್ದ. ಆದರೆ ಯಾವ ಭಾಷೆಯಲ್ಲೂ ಚಿಕ್ಕದಾಗಿ ಬರೆಯಲು ಮಾತ್ರ ಅವನಿಗೆ ಬರುತ್ತಿರಲಿಲ್ಲ. ಯಾರೋ ಹಳ್ಳಿಯವರು ಬಂದು ‘ಎಮ್ಮಿ ಕಳುವಾಗೈತ್ರೀ’ ಅಂದರೆ ಸಾಕು, ಎಮ್ಮೆ ಕಟ್ಟಿದ ಜಾಗದ ಪೂರ್ವಕ್ಕೆ ಏನಿದೆ, ಪಶ್ಚಿಮಕ್ಕೆ ಯಾರ ಹಿತ್ತಲಿದೆ ಎಂದು ನಾಲ್ಕೂ ದಿಕ್ಕಿನ ಚತುಃಸೀಮೆ ಬರೆದ ಮೇಲೆಯೇ ಎಮ್ಮೆಯ ಸುದ್ದಿಗೆ ಬರುತ್ತಿದ್ದ. ಅಷ್ಟರಲ್ಲಿ ಎರಡು ಪುಟ ಮುಗಿದಿರುತ್ತಿತ್ತು.

ನಾನು ಅವನ ಒಬ್ಬನೇ ಮಗ. ಅಕ್ಷರ ದುಂಡಗೆ ಇತ್ತು, ಅದೇ ನನ್ನ ಪಾಲಿನ ಶನಿ. ನಾನು ಮೇಜಿನ ಪಕ್ಕ ಕೂತು ಅರ್ಜಿ ಬರೆಯಬೇಕೆಂಬುದು ಅಪ್ಪನ ಆಸೆ. ನನಗೋ ಆ ಮರದ ಕೆಳಗೆ ಕೂತು ದಿನವಿಡೀ ‘ಸದರಿ’, ‘ಸದರಿ’ ಎಂದು ಬರೆಯುವುದನ್ನು ನೆನೆಸಿದರೇ ತಲೆ ತಿರುಗುತ್ತಿತ್ತು. ಹಟ ಹಿಡಿದು ಬೆಳಗಾವಿಗೆ ಹೋಗಿ ಐ.ಟಿ.ಐ.ಯಲ್ಲಿ ವೈರ್‌ಮನ್ ಕಲಿತೆ. ವಿದ್ಯುತ್ ಮಂಡಳಿಯಲ್ಲಿ ಒಂದು ವರ್ಷ ಅಪ್ರೆಂಟಿಸ್ ಮಾಡಿದೆ. ಪರೀಕ್ಷೆ ಕೊಟ್ಟು ವೈರ್‌ಮನ್ ಪರ್ಮಿಟ್ಟನ್ನೂ ತೆಗೆದುಕೊಂಡೆ. ಇಷ್ಟಾದ ಮೇಲೆ ಆರು ತಿಂಗಳು ಮನೆಯಲ್ಲಿ ಕೂತೆ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು, ನನ್ನ ಅಪ್ಪನ ತಾಳ್ಮೆಯೂ ಮುಗಿಯುತ್ತ ಬಂದಿತ್ತು.

ಆಗ ಐ.ಟಿ.ಐ.ಯಲ್ಲಿ ನನ್ನ ಜೊತೆ ಕಲಿತ ಗೆಳೆಯನೊಬ್ಬ ಒಂದು ಸುದ್ದಿ ತಂದ. ಅವನು ಬೆಳಗಾವಿಯ ಹಿಂದವಾಡಿಯ ಒಬ್ಬ ಇಲೆಕ್ಟ್ರಿಕಲ್ ಕಾಂಟ್ರಾಕ್ಟರರ ಕೈಕೆಳಗೆ ಕೆಲಸಕ್ಕಿದ್ದ. ಅವರಿಗೆ ಸದಾಶಿವನಗರದಲ್ಲಿ ಒಂದು ಹಾಸ್ಟೆಲಿನ ವೈರಿಂಗ್ ಸಿಕ್ಕಿತ್ತು. ಇದ್ದ ಪರ್ಮಿಟ್ ವೈರ್‌ಮನ್ ಗೋವಾಕ್ಕೆ ಓಡಿಹೋಗಿದ್ದ.

“ಒಂದ ಅರ್ಜಿ ಹಾಕು” ಅಂದ ಗೆಳೆಯ. “ಆದ್ರ ನೆಪ್ಪಿಡು, ಸಾಹೇಬ್ರು ನಾಕ ಸಾಲಿಗಿಂತ ಹೆಚ್ಚ ಓದಾವ್ರಲ್ಲ. ಯಾರು, ಏನ್ ಬರ್ತೈತಿ, ಯಾವಾಗ ಬರ್ತಿ, ಅಷ್ಟ. ಒಂದ ಪೋಸ್ಟ್ ಕಾರ್ಡ್ ಸಾಕು. ಮುಂದಿನ ಸೋಮವಾರದ ಮುಂದಿನ ಸೋಮವಾರ ಕೆಲಸ ಚಾಲೂ. ಅಷ್ಟರಾಗ ಯಾರೂ ಸಿಗದಿದ್ರ ಹುಬ್ಬಳ್ಳಿಯಿಂದ ಒಬ್ಬನ್ನ ಕರಸ್ತಾರ.”

ನಾನು ಅಂದು ಸಂಜೆಯೇ ಕಾರ್ಡಿನಲ್ಲಿ ನಾಲ್ಕು ಸಾಲು ಬರೆದೆ. ಬರೆದದ್ದನ್ನು ಹಾಗೇ ಅಂಚೆ ಡಬ್ಬಿಗೆ ಹಾಕಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ನಾನು ಮಹಾ ಬುದ್ಧಿವಂತ, ಹೆಮ್ಮೆಯಿಂದ ಅದನ್ನು ಅಪ್ಪನಿಗೆ ತೋರಿಸಿದೆ.

ಅಪ್ಪ ಕಾರ್ಡು ಓದಿದ. ಹಿಂದೆ ಮುಂದೆ ತಿರುವಿದ. ಆಮೇಲೆ ಅಡುಗೆಮನೆಯ ಕಡೆ ಮುಖ ಮಾಡಿ ಅವ್ವನಿಗೆ ಹೇಳಿದ: “ನೋಡಿಲ್ಲಿ ನಿನ್ನ ಮಗ! ಅರ್ಜಿ ಬರಿಯಾವನ ಹೊಟ್ಟಿಯೊಳಗ ಹುಟ್ಟಿ ಕಾರ್ಡಿನ್ಯಾಗ ನೌಕರಿ ಕೇಳ್ತಾನ!”

“ಅವರು ಸಣ್ಣದ ಓದ್ತಾರಂತಪಾ” ಅಂದೆ.

“ಯಾರೂ ಸಣ್ಣದು ಓದೂದಿಲ್ಲೋ. ಸಣ್ಣದು ಹರದ ಒಗೀತಾರ. ದೊಡ್ಡದು ಇದ್ರ ಅಂಜತಾರ, ಅಂಜಿ ಓದ್ತಾರ. ನಾ ಬರೀತೀನಿ. ನನ್ನ ಅರ್ಜಿಗಿ ಇನ್ನೂ ತನಕಾ ಉತ್ತರ ಬಂದಿಲ್ಲಂತ ಇಲ್ಲ. ಇದಕ್ಕೂ ನೌಕರಿ ಬರ್ಲಿಲ್ಲ ಅಂದ್ರ, ಮುಂದಿನ ಮಾತಿಲ್ಲ, ಆ ಸೋಮವಾರದಿಂದ ನೀ ಗಿಡದ ಕೆಳಗ ನನ್ನ ಬಾಜೂಕ ಕುಂದರ್ತಿ.”

ಅಂದರೆ ಒಂದೇ ಸೋಮವಾರ: ಒಂದು ಕಡೆ ಹಾಸ್ಟೆಲು, ಇನ್ನೊಂದು ಕಡೆ ಆಲದ ಮರ. ನನ್ನ ಜೀವನದ ಲೈನು ಯಾವ ಕಡೆ ಎಂಬುದು ಅಪ್ಪನ ಲೇಖನಿಗೆ ಬಂದು ನಿಂತಿತು. ಬೇಡ ಎನ್ನಲು ಬಾಯಿ ತೆರೆದೆ. ಅವ್ವ ಒಳಗಿನಿಂದಲೇ ಕಣ್ಣು ಬಿಟ್ಟಳು. ಬಾಯಿ ಮುಚ್ಚಿದೆ.

ಮರುದಿನ ಅಪ್ಪ ನಾಲ್ಕು ಪುಟದ ಅರ್ಜಿ ತಂದ. ಅದನ್ನು ನಾನು ಇಂದಿಗೂ ಮರೆತಿಲ್ಲ. ಮೇಲೆ ಎಡಗಡೆ ಕೋರ್ಟ್ ಫೀ ಸ್ಟ್ಯಾಂಪು. ಕಲಂ ಒಂದು: ಅರ್ಜಿದಾರನು ಖಾನಾಪುರ ತಾಲೂಕಿನ ಕಾಯಂ ರಹಿವಾಸಿ ಇದ್ದು, ಅಪ್ಪನ ಮಗ, ಅಜ್ಜನ ಮೊಮ್ಮಗ. ಕಲಂ ಎರಡು: ಸದರಿ ಅರ್ಜಿದಾರನ ವಾಸದ ಸ್ಥಳದ ಚತುಃಸೀಮೆ. ನನ್ನ ವೈರಿಂಗ್ ವಿದ್ಯೆ ಮೂರನೆಯ ಪುಟದ ಕೊನೆಯಲ್ಲಿ, ಒಂದೂವರೆ ಸಾಲಿನಲ್ಲಿ, ಅಡ್ಡಬಿದ್ದಿತ್ತು. ಎಲ್ಲಕ್ಕಿಂತ ಕೊನೆಗೆ ಹೀಗಿತ್ತು: ‘ಮುದ್ದತ್ತಿನೊಳಗೆ ಸದರಿ ನೌಕರಿ ಕೊಡಲು ತಪ್ಪಿದಲ್ಲಿ ಮುಂದಿನ ಎಲ್ಲ ಪರಿಣಾಮಗಳಿಗೆ ತಾವೇ ಜವಾಬ್ದಾರರು ಎಂದು ತಿಳಿಯುವುದು.’

“ಅಪ್ಪಾ, ಇದು ನೌಕರಿ ಕೇಳೂದಾ, ಧಮಕಿ ಕೊಡೂದಾ?”

“ಅದು ಪದ್ಧತಿ. ಕಡೀಕ ಅದ ಇಲ್ಲದಿದ್ರ ಅರ್ಜಿ ಬೋಳ ಕಾಣತೈತಿ” ಅಂದ ಅಪ್ಪ, ಶಾಂತವಾಗಿ.

ಸಾದಾ ಅಂಚೆಯಲ್ಲಿ ಕಳಿಸಿದರೆ ಕಳೆದುಹೋಗುತ್ತದೆಂದು ರಿಜಿಸ್ಟರ್ ಮಾಡಿಸಿದ, ಮುಟ್ಟಿದ ಪೋಚು ಬೇಕೆಂದು ಎ.ಡಿ. ಕಾರ್ಡನ್ನೂ ಅಂಟಿಸಿದ. ಲಕೋಟೆಯ ಮೂಲೆಯಲ್ಲಿ ತನ್ನ ರಬ್ಬರ್ ಶಿಕ್ಕೆ ಒತ್ತಿದ. ಆ ಶಿಕ್ಕೆಯಲ್ಲಿ ‘ಮಾಮಲೇದಾರ ಕಚೇರಿ, ಖಾನಾಪುರ’ ಎಂಬುದು ದಪ್ಪ ಅಕ್ಷರದಲ್ಲಿತ್ತು. ‘ಎದುರಿನ ಗಿಡದ ಕೆಳಗೆ’ ಎಂಬುದು ಇರುವೆಯಷ್ಟು ಸಣ್ಣದಾಗಿ ಕೆಳಗಿತ್ತು.

ಒಂದು ವಾರ ಉತ್ತರವಿಲ್ಲ. ಎರಡನೆಯ ವಾರದ ಗುರುವಾರ ಉತ್ತರದ ಬದಲು ಆ ಲಕೋಟೆಯೇ ವಾಪಸು ಬಂತು. ಮೇಲೆ ಅಂಚೆಯವನು ಬರೆದಿದ್ದ: ‘ತೆಗೆದುಕೊಳ್ಳಲು ನಿರಾಕರಿಸಿದ್ದಾರೆ.’

ನನಗೆ ಅಳುವೇ ಬಂತು. ಅಪ್ಪ ಮಾತ್ರ ಮೀಸೆಯ ಮೇಲೆ ಕೈಯಾಡಿಸಿದ. “ಬೆಸ್ಟ್ ಆತು! ನಿರಾಕರಿಸಿದ್ರ ಮುಟ್ಟಿದಂಗನ ಲೆಕ್ಕ. ಕಾಯ್ದೆನ ಐತಿ. ಇನ್ನ ಅವರು ‘ನನಗ ಗೊತ್ತಿಲ್ಲ’ ಅನ್ನಾಕ ಬರೂದಿಲ್ಲ.”

“ಅವರೇನ ಕೋರ್ಟಿನ್ಯಾಗ ನಿಂತಾರಾ?” ಅಂತ ಕಿರುಚಿದೆ. “ನನಗ ನೌಕರಿ ಬೇಕಪಾ, ಡಿಕ್ರಿ ಅಲ್ಲ!”

ನನ್ನ ಸಿಟ್ಟು ಆ ದಿನಗಳಲ್ಲಿ ಬೀಡಿ ಹಚ್ಚುವಷ್ಟು ಬೇಗ ಹತ್ತುತ್ತಿತ್ತು. ಶುಕ್ರವಾರ ಇಡೀ ಮನೆಯಲ್ಲಿ ಯಾರ ಜೊತೆಗೂ ಮಾತಾಡಲಿಲ್ಲ, ಅವ್ವ ಮಾಡಿದ ಜುಣಕವನ್ನು ಮಾತ್ರ ಎರಡು ಸಲ ಹಾಕಿಸಿಕೊಂಡೆ. ಶನಿವಾರ ಬೆಳಿಗ್ಗೆ ಖಾಕಿ ಪ್ಯಾಂಟು, ಖಾಕಿ ಅಂಗಿ ತೊಟ್ಟೆ. ಮೈಮೇಲೆ ಹಾಕಲು ಒಳ್ಳೆಯದಿದ್ದದ್ದೇ ಅಪ್ರೆಂಟಿಸ್ ಕಾಲದ ಆ ಒಂದು ಜೊತೆ. ಬಟ್ಟೆಯ ಚೀಲದಲ್ಲಿ ಪರ್ಮಿಟ್ಟು, ಟೆಸ್ಟರು, ಇಕ್ಕಳ. ಹೊರಡುವಾಗ ಅಪ್ಪ ತಡೆದು ಆ ಲಕೋಟೆಯನ್ನೂ ಚೀಲಕ್ಕೆ ತುರುಕಿದ.

“ಸಾಹೇಬರ ಮುಂದ ನಿಂತು ಮೊದಲ ಇದನ್ನ ಓದು. ಆಮ್ಯಾಲ ಏನರ ಮಾತಾಡು. ಆಣಿ ಮಾಡು.”

ಆಣೆ ಮಾಡಿದೆ. ಎಂಥ ಮೂರ್ಖ ನಾನು.

ಬಸ್ಸಿಳಿದು, ಕೇಳುತ್ತ ಕೇಳುತ್ತ ಹಿಂದವಾಡಿಯ ಆ ಮನೆ ಮುಟ್ಟಿದಾಗ ಹತ್ತು ಗಂಟೆ. ಗೇಟಿನ ಒಳಗೆ ಸ್ಕೂಟರು ನಿಂತಿತ್ತು, ಅಂದರೆ ಸಾಹೇಬರು ಮನೆಯಲ್ಲೇ ಇದ್ದಾರೆ. ಗೇಟಿನ ಚಿಲಕ ಬಡಿದೆ. ಸಾಹೇಬರ ಹೆಂಡತಿ ಹೊರಗೆ ಬಂದರು. ನನ್ನ ಖಾಕಿ ನೋಡಿದರು, ಚೀಲ ನೋಡಿದರು.

“ಎಲ್ಲಿಂದ ಬಂದೀರಿ?”

“ಖಾನಾಪುರದಿಂದ್ರೀ ಅಕ್ಕಾರ.”

ಅಷ್ಟೇ. ಅವರ ಮುಖದ ರಕ್ತವೆಲ್ಲ ಇಳಿದುಹೋಯಿತು. “ಅವರು ಊರಾಗಿಲ್ಲ” ಅಂದರು.

“ಯಾವಾಗ ಬರ್ತಾರ್ರೀ?”

“ಬರೂದ ಇಲ್ಲ.”

“ಒಂದ ಕಾಗದ ಕೊಟ್ಟ ಹೋಗ್ತೀನ್ರೀ” ಎಂದು ನಾನು ಚೀಲದಿಂದ ಲಕೋಟೆ ತೆಗೆದೆ. ಆ ಹೆಣ್ಣುಮಗಳು ಎರಡೂ ಕೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡು ಎರಡು ಹೆಜ್ಜೆ ಹಿಂದೆ ಸರಿದರು. “ಅಗಬಾಯಿ, ಅದ! ಅದ ಶಿಕ್ಕಾ! ನಾ ಮುಟ್ಟೂದಿಲ್ಲ. ನಮ್ಮ ಮನ್ಯಾಗ ಯಾರೂ ಕಾಗದ ಮುಟ್ಟೂದಿಲ್ಲ!”

ಅವರು ಯಾಕೆ ಹಾಗಾಡುತ್ತಿದ್ದರೆಂಬುದು ನನಗೆ ಆಮೇಲೆ ಗೊತ್ತಾಯಿತು. ಈಗಲೇ ಹೇಳಿಬಿಡುತ್ತೇನೆ. ಸಾಹೇಬರು ಖಾನಾಪುರದ ದಾರಿಯಲ್ಲಿ, ಆ ತಾಲೂಕಿನ ಹದ್ದಿನೊಳಗೇ, ಹೊಲದ ಒಂದು ತುಂಡು ಕೊಂಡು, ವೈರು ಪಟ್ಟಿ ಇಡಲು ಅದರಲ್ಲೊಂದು ಗೋಡೌನು ಕಟ್ಟಿದ್ದರು. ಹೊಲದಲ್ಲಿ ಕಟ್ಟಡ ಕಟ್ಟಬೇಕಾದರೆ ಮೊದಲು ಎನ್.ಎ. ಮಾಡಿಸಬೇಕು, ಅಂದರೆ ಇದು ಇನ್ನು ಹೊಲವಲ್ಲ ಎಂದು ಸರ್ಕಾರದಿಂದ ಬರೆಸಿಕೊಳ್ಳಬೇಕು. ಸಾಹೇಬರು ಅದನ್ನು ಮಾಡಿಸಿರಲಿಲ್ಲ. ಅಂಥವರ ಬಾಗಿಲಿಗೆ ಖಾನಾಪುರದ ಮಾಮಲೇದಾರ ಕಚೇರಿಯ ಶಿಕ್ಕೆ ಒತ್ತಿದ ರಿಜಿಸ್ಟರ್ ಪತ್ರ ಬಂದಿತ್ತು. ಅದನ್ನು ತಿರುಗಿಸಿ ಕಳಿಸಿದ ಮೇಲೆ ಈಗ ಖಾಕಿ ತೊಟ್ಟ ಆಳೇ ಬಂದು ನಿಂತಿದ್ದ! ಕಾಗದವನ್ನು ಕೈಯಿಂದ ಮುಟ್ಟಿದರೆ ನೋಟೀಸು ಜಾರಿಯಾದಂತೆ ಎಂದು ಅವರೂ ಕೇಳಿ ತಿಳಿದಿದ್ದರು.

ನನಗಾಗ ಇದೊಂದೂ ಗೊತ್ತಿಲ್ಲ. ಮಾಳಿಗೆಯ ಮೇಲೆ ನೀರಿನ ಟಾಕಿಯ ಹಿಂದೆ ಒಂದು ಬೋಳು ತಲೆ ಏಳುವುದು, ಮುಳುಗುವುದು ಮಾತ್ರ ಕಾಣುತ್ತಿತ್ತು. ಸಾಹೇಬರು ಮೇಲಿದ್ದಾರೆ, ಕಾಗದ ಯಾರೂ ಮುಟ್ಟುವುದಿಲ್ಲ, ನಾಡಿದ್ದೇ ಸೋಮವಾರ. ಉಳಿದದ್ದು ಒಂದೇ ದಾರಿ. ಗೇಟಿನ ಹೊರಗೆ ನಿಂತೇ ಲಕೋಟೆ ಹರಿದೆ, ಅರ್ಜಿ ಬಿಚ್ಚಿದೆ, ಟಾಕಿಗೆ ಕೇಳುವ ಹಾಗೆ ಗಟ್ಟಿಯಾಗಿ ಓದತೊಡಗಿದೆ.

“ಕಲಂ ಒಂದು! ಅರ್ಜಿದಾರನು ಖಾನಾಪುರ ತಾಲೂಕಿನ ಕಾಯಂ ರಹಿವಾಸಿ ಇದ್ದು...”

ಎದುರು ಮನೆಯ ಕಿಟಕಿ ತೆರೆಯಿತು. ಅದರ ಬಾಜೂ ಮನೆಯವರು ಹಲ್ಲುಜ್ಜುತ್ತ ಹೊರಗೆ ಬಂದರು.

“ಕಲಂ ಎರಡು! ಸದರಿ ಸ್ಥಳದ ಚತುಃಸೀಮೆ! ಪೂರ್ವಕ್ಕೆ ಬಾವಿ...”

“ಆ ಬಾವಿ ನಂದಲ್ಲೋ!” ಎಂದು ಟಾಕಿಯ ಹಿಂದಿನಿಂದ ಒಂದು ದನಿ ಕೂಗಿತು.

ನಾನು ಕತ್ತೆತ್ತಿದೆ. ಬೋಳು ತಲೆ ಪೂರ್ತಿ ಮೇಲೆದ್ದಿತ್ತು. “ಹೌದ್ರೀ ಸಾಹೇಬ್ರ, ನಿಮ್ಮದಲ್ರೀ” ಅಂದು ಮುಂದೆ ಓದಿದೆ: “ಪಶ್ಚಿಮಕ್ಕೆ ರಸ್ತೆ...”

“ರಸ್ತಾಕ ನಾ ಒಂದ ಫೂಟ ಸುದ್ಧಾ ಹೋಗಿಲ್ಲ! ಅಳತಿ ಮಾಡಿಸಿ ನೋಡ್ಕೋರಿ!”

“ಉತ್ತರಕ್ಕೆ ಹಿತ್ತಲು, ದಕ್ಷಿಣಕ್ಕೆ ಎಮ್ಮೆಯ ಕೊಟ್ಟಿಗೆ...”

“ಎಮ್ಮಿ? ಎಲ್ಲಿ ಎಮ್ಮಿನೋ? ಗೋಡೌನ್ ಅಷ್ಟ ನಂದು! ಅದೂ ಬರೇ ತಗಡಿನ ಪತ್ರಾಸ್! ನಾಳೆ ಕೆಡವತೀನಿ!”

ಹೇಳುತ್ತ ಹೇಳುತ್ತ ಸಾಹೇಬರು ಮಾಳಿಗೆಯ ಅಂಚಿಗೆ ಓಡಿಬಂದರು. ಅಲ್ಲಿ ಸೀರೆ ಹಾಸಿ ಶಾಬೂದಾಣಿ ಸಂಡಿಗೆ ಒಣಹಾಕಿದ್ದರು. ಇನ್ನೂ ಹಸಿ. ಸಾಹೇಬರ ಕಾಲು ಅದರ ಮೇಲೆ ಬಿತ್ತು, ಜಾರಿತು, ಪಂಚೆಯ ಸಮೇತ ಅದರಲ್ಲೇ ಕೂತುಬಿಟ್ಟರು. “ನನ್ನ ಸಂಡಿಗೀ!” ಎಂದು ಕೆಳಗಿನಿಂದ ಹೆಂಡತಿ ಹೊಯ್ಕೊಂಡರು. ಗಂಡ ಬಿದ್ದದ್ದಕ್ಕೆ ಮಾತ್ರ ಯಾರೂ ಹೊಯ್ಕೊಳ್ಳಲಿಲ್ಲ.

ಆಗ ನನ್ನ ತಲೆ ಪೂರಾ ಕೆಟ್ಟಿತು. ಇಲ್ಲಿ ಇನ್ನೂ ಎರಡೂವರೆ ಪುಟ ಉಳಿದಿತ್ತು, ವೈರಿಂಗ್ ಎಂಬ ಮಾತೇ ಬಂದಿರಲಿಲ್ಲ, ಓಣಿಯ ಜನವೆಲ್ಲ ಗೇಟಿಗೆ ಸೇರಿತ್ತು. ಅರ್ಜಿಯನ್ನು ಮಡಚಿ ಚೀಲಕ್ಕೆ ತುರುಕಿದೆ. ಆಣೆ ಗೀಣೆ ಎಲ್ಲ ಹಾಳುಬಿದ್ದು ಹೋಗಲಿ ಎಂದು ಎರಡೂ ಕೈ ಮುಗಿದು, ಕತ್ತು ಮೇಲೆ ಮಾಡಿ ಕೂಗಿದೆ:

“ಸಾಹೇಬ್ರ, ನಮಸ್ಕಾರ್ರೀ! ನಾ ಐ.ಟಿ.ಐ. ಪಾಸಾದ ವೈರ್‌ಮನ್ ಅದೀನ್ರೀ, ಪರ್ಮಿಟ್ ಐತ್ರೀ! ಪಟ್ಟಿ ವೈರಿಂಗು, ಅರ್ಥಿಂಗು, ಬೋರ್ಡ್ ಕಟ್ಟೂದು ಬರ್ತೈತ್ರೀ! ನಿಮ್ಮ ಹಾಸ್ಟೆಲ್ ಕೆಲಸಕ್ಕ ತಗೋರ್ರೀ, ಎಂಟ ದಿನ ನೋಡ್ರಿ! ಸೋಮವಾರ ಮುಂಜಾನೆ ಎಂಟಕ್ಕ ಬರ್ಲೇನ್ರೀ?”

ಹಲ್ಲುಜ್ಜುವವರು ಉಗಿಯುವುದನ್ನೂ ನಿಲ್ಲಿಸಿದ್ದರು.

ಮೆಲ್ಲಗೆ ಸಾಹೇಬರ ತಲೆ ಅಂಚಿನ ಮೇಲೆ ಕಂಡಿತು. “ನೀ ಮಾಮಲೇದಾರ ಕಚೇರಿಯಾವ ಅಲ್ಲೇನು?”

“ಅಲ್ರೀ. ನಮ್ಮಪ್ಪ ಅದರ ಎದುರಿನ ಗಿಡದ ಕೆಳಗ ಅರ್ಜಿ ಬರಿಯಾವ್ರೀ.”

“ನಂದ... ಗೋಡೌನಿಂದು?”

“ನಿಮ್ಮ ಗೋಡೌನ್ ಎಲ್ಲೈತಿ ಅಂತನೂ ನನಗ ಗೊತ್ತಿಲ್ರೀ. ಈಗ ಗೊತ್ತಾತು ನೋಡ್ರಿ.”

ಸಾಹೇಬರು ಕೆಳಗೆ ಬಂದರು. ಪಂಚೆಯ ಹಿಂದೆ ಶಾಬೂದಾಣಿ ಅಂಟಿತ್ತು, ಮುಖದಲ್ಲಿ ನಗಬೇಕೋ ಹೊಡೆಯಬೇಕೋ ಎಂಬ ಗೊಂದಲ. ಒಳಗೆ ಕರೆದು ಕಟ್ಟೆಯ ಮೇಲೆ ಕೂರಿಸಿದರು. ಅರ್ಜಿಯನ್ನು ಇಸಿದುಕೊಂಡು ಕೊನೆಯ ಸಾಲು ಮಾತ್ರ ಓದಿದರು. ‘ಪರಿಣಾಮಗಳಿಗೆ ತಾವೇ ಜವಾಬ್ದಾರರು’ ಎಂಬಲ್ಲಿಗೆ ಬಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತಲೇ ಪರ್ಮಿಟ್ ಕೇಳಿದರು. ಪರ್ಮಿಟ್ ನೋಡುವಾಗ ನಗು ನಿಲ್ಲಿಸಿದರು.

“ನಲವತ್ತ ಪಾಯಿಂಟಿನ ಕೆಲಸ ಮುಗದೈತಿ. ಕರೆಂಟ್ ಎಲ್ಲೆರ ಸೋರತೈತೇನು ನೋಡಾಕ ಮೆಗ್ಗರ್ ಹಚ್ಚೀದಿ. ಎಷ್ಟ ತೋರಿಸಿದ್ರ ಟೆಸ್ಟ್ ರಿಪೋರ್ಟಿಗಿ ಸಹಿ ಮಾಡ್ತಿ?”

“ಒಂದ ಮೆಗಓಮ್‌ಗಿಂತ ಕಡಿಮಿ ತೋರಿಸಿದ್ರ ಎಲ್ಲಿ ಸೋರ್ತೈತಿ ಹುಡಕ್ತೀನ್ರೀ. ಸಹಿ ಮಾತ್ರ ನಂದಲ್ರೀ, ಸುಪರ್‌ವೈಸರ್ ಸಾಹೇಬ್ರದು, ನಿಮ್ಮದು.”

“ಹಾಂ! ಭಾಳ ಮಂದಿ ‘ಸಹಿ ಮಾಡ್ತೀನ್ರೀ’ ಅಂತ ಬೀಳ್ತಾರ ಇದಕ್ಕ” ಅಂದರು. ಒಳಗಿನಿಂದ ಒಂದು ಬಿಳಿ ಹಾಳೆ ತರಿಸಿ ನನ್ನ ಮುಂದಿಟ್ಟರು. “ಆಗ ಒದರಿದೆಲ್ಲ, ಅದನ್ನಷ್ಟ ಬರಿ. ಒಂದ ಅಕ್ಷರ ಹೆಚ್ಚ ಆಗಬಾರದು.”

ಕೂಗುವಾಗ ಬಂದ ಮಾತು ಕೂತು ಬರೆಯುವಾಗ ಎಲ್ಲಿಂದ ಬರಬೇಕು! ಬೆವರಿದೆ. ‘ಸದರಿ’ ಎಂದು ಕೈ ತಾನೇ ಬರೆಯಿತು, ಹೊಡೆದುಹಾಕಿದೆ. ಕೊನೆಗೆ ಇಷ್ಟಾಯಿತು:

‘ಮಾನ್ಯ ಸಾಹೇಬರಿಗೆ ನಮಸ್ಕಾರಗಳು. ನಾನು ಐ.ಟಿ.ಐ. ಪಾಸಾದ ವೈರ್‌ಮನ್, ಪರ್ಮಿಟ್ ಹೊಂದಿದ್ದೇನೆ. ಪಟ್ಟಿ ವೈರಿಂಗ್, ಅರ್ಥಿಂಗ್, ಬೋರ್ಡ್ ಕೆಲಸ ಬರುತ್ತದೆ. ತಮ್ಮ ಹಾಸ್ಟೆಲ್ ಕೆಲಸಕ್ಕೆ ನನ್ನನ್ನು ತೆಗೆದುಕೊಂಡು ಎಂಟು ದಿನ ನೋಡಬೇಕೆಂದು ವಿನಂತಿ. ಸೋಮವಾರ ಬೆಳಿಗ್ಗೆ ಎಂಟಕ್ಕೆ ಬರಲು ಅಪ್ಪಣೆಯಾಗಬೇಕು. ತಮ್ಮ ವಿಶ್ವಾಸಿ.’

ಕೆಳಗೆ ಸಹಿ ಹಾಕಿದೆ. ಸಾಹೇಬರು ಒಂದೇ ಉಸಿರಿಗೆ ಓದಿ, ಬದಿಯಲ್ಲಿ ‘ಸೋಮವಾರ ಬರಲಿ’ ಎಂದು ಗೀಚಿ ಸಹಿ ಹಾಕಿದರು. “ಇದನ್ನ ತಗೊಂಡ ಹೋಗಿ ಸೈಟಿನ ಮೇಸ್ತ್ರಿಗೆ ತೋರಸು” ಎಂದು ನನ್ನ ಕೈಗೇ ಕೊಟ್ಟರು. ಅವರ ಹೆಂಡತಿ ಚಹಾ ತಂದರು. ಆದರೆ ಕಪ್ಪನ್ನು ನನ್ನ ಕೈಗೆ ಕೊಡಲಿಲ್ಲ, ದೂರದಲ್ಲಿ ಕಟ್ಟೆಯ ಮೇಲಿಟ್ಟು ಹೋದರು. ಇನ್ನೂ ನಂಬಿಕೆ ಬಂದಿರಲಿಲ್ಲ.

ಖಾನಾಪುರದ ಬಸ್ಸಿನಲ್ಲಿ ಕೂತು ನಾನು ಅಪ್ಪನಿಗೆ ಏನೇನು ಅನ್ನಬೇಕೆಂದು ಬಾಯಿಪಾಠ ಮಾಡುತ್ತ ಬಂದೆ. ನಿನ್ನ ಚತುಃಸೀಮೆ ನನ್ನ ಹೊಟ್ಟೆಗೆ ಕಲ್ಲು ಹಾಕುತ್ತಿತ್ತು ಅನ್ನಬೇಕು. ನಿನ್ನ ಶಿಕ್ಕೆ ನೋಡಿ ಒಬ್ಬ ಕ್ಲಾಸ್ ಒನ್ ಕಾಂಟ್ರಾಕ್ಟರರು ಸಂಡಿಗೆಯಲ್ಲಿ ಬಿದ್ದರು ಅನ್ನಬೇಕು. ಇನ್ನು ಮೇಲೆ ನನ್ನ ವ್ಯವಹಾರದಲ್ಲಿ ಲೇಖನಿ ಹಾಕಬೇಡ ಅನ್ನಬೇಕು. ಊರು ಬರುವ ಹೊತ್ತಿಗೆ ಭಾಷಣ ಒಳ್ಳೆಯ ಖಾರ ಹಿಡಿದಿತ್ತು.

ಅಪ್ಪ ಮನೆಯಲ್ಲಿರಲಿಲ್ಲ. ಶನಿವಾರ, ಕಚೇರಿ ಮಧ್ಯಾಹ್ನಕ್ಕೇ ಮುಚ್ಚಿತ್ತು, ಆದರೂ ಅಪ್ಪ ಮರದ ಕೆಳಗೆ ಒಬ್ಬನೇ ಕೂತಿದ್ದ. ಮೇಜಿನ ಬಾಜೂಕ ಕಂಬಳಿಯನ್ನು ಮಡಿಕೆ ಬಿಚ್ಚಿ ಇನ್ನೊಬ್ಬ ಕೂರುವಷ್ಟು ಅಗಲ ಮಾಡಿದ್ದ. ನನ್ನನ್ನು ಕಂಡು ಏಳಲಿಲ್ಲ. “ಓದಿದೇನು?” ಅಂದ.

“ಓದಿದೆ. ಎರಡನೇ ಕಲಮಿನ ತನಕ.”

“ಆಮ್ಯಾಲ?”

ಭಾಷಣ ಬಸ್ಸಿನಲ್ಲೇ ಉಳಿಯಿತು. ಚೀಲದಿಂದ ಬಿಳಿ ಹಾಳೆ ತೆಗೆದುಕೊಟ್ಟೆ. ಅಪ್ಪ ಕನ್ನಡಕ ಹಾಕಿಕೊಂಡು ಮೊದಲು ಸಾಹೇಬರ ಸಹಿ ಓದಿದ. ‘ಸೋಮವಾರ ಬರಲಿ’ ಎಂಬುದರ ಮೇಲೆ ಬೆರಳಾಡಿಸಿದ. ಮುಖ ಅರಳಿತು, ನನ್ನ ಬೆನ್ನ ಮೇಲೆ ಒಂದು ಗುದ್ದು ಬಿತ್ತು. ಆಮೇಲೆ ನಾನು ಬರೆದ ಸಾಲುಗಳನ್ನು ಓದಿದ. ಹಾಳೆಯ ಹಿಂದೆ ಏನಾದರೂ ಇದೆಯೇ ಎಂದು ತಿರುವಿ ನೋಡಿದ. ಮತ್ತೆ ಮುಂದೆ ತಿರುವಿ ಇನ್ನೊಮ್ಮೆ ಓದಿದ, ತುಟಿ ಅಲ್ಲಾಡಿಸುತ್ತ.

“ಇಷ್ಟಕ್ಕ ಕೊಟ್ರಾ?”

“ಇಷ್ಟಕ್ಕ ಕೊಟ್ರು.”

“ಚಲೋ ಆತು. ಚಲೋ ಬರದೀ” ಅಂದ. ಹಾಳೆಯನ್ನು ನೋಡುತ್ತಲೇ ಕೇಳಿದ: “ಆದ್ರ ಇದರಾಗ ನೀ ಯಾರ ಮಗಾ ಅನ್ನೂದ ಎಲ್ಲೀ ಇಲ್ಲಲ್ಲೋ ತಮ್ಮಾ.”

ಬೆಳಿಗ್ಗೆಯಿಂದ ಯಾರ ಮೇಲೆ ಉರಿದುಕೊಂಡಿದ್ದೆನೋ ಆ ಮನುಷ್ಯ ನನ್ನೆದುರು ಅಷ್ಟು ಸಣ್ಣದಾಗಿ ಕೂತಿದ್ದ. ನನಗೆ ತಡೆಯಲಾಗಲಿಲ್ಲ, ಕಣ್ಣು ತುಂಬಿ ಬಂತು. ಕಂಬಳಿಯ ಮೇಲೆ ಅವನು ಬಿಟ್ಟ ಜಾಗದಲ್ಲಿ ಕೂತೆ. ಮೇಜಿನ ಮೇಲಿನ ಲೇಖನಿ ಎತ್ತಿಕೊಂಡು, ನನ್ನ ಸಹಿಯ ಕೆಳಗೆ ‘ಇವರ ಮಗ’ ಎಂದು ಅಪ್ಪನ ಹೆಸರನ್ನು ದುಂಡಗೆ ಬರೆದೆ.

ಅಪ್ಪ ಬಗ್ಗಿ ನೋಡಿದ. ಮೂಗು ಸೊರ್ರನೆ ಎಳೆದುಕೊಂಡ.

“ತಾಲೂಕಾ, ಜಿಲ್ಲಾ?” ಅಂದ.

ಅವನ್ನೂ ಬರೆದೆ.